ರೀಡ್‌ಮಿ ಕಡತದಲ್ಲಿ ಕೋಷ್ಟಕ: ಎಲ್ಲವೂ ಎರಡನೆಯ ಸಾಲಿನ ಕೈಯಲ್ಲಿ

ರೀಡ್‌ಮಿ ಕಡತದಲ್ಲಿ ಬರೆದ ಕೋಷ್ಟಕವನ್ನು ಜನ ಎರಡು ರೂಪದಲ್ಲಿ ನೋಡುತ್ತಾರೆ. ಗಿಟ್‌ಹಬ್‌ನಲ್ಲಿ ಯೋಜನೆಯ ಪುಟ ತೆರೆದವರಿಗೆ ಗೆರೆ ಎಳೆದ, ಶೀರ್ಷಿಕೆ ದಪ್ಪಕ್ಷರದಲ್ಲಿರುವ ಕೋಷ್ಟಕ ಕಾಣುತ್ತದೆ. ಅದೇ ಕಡತವನ್ನು ಟರ್ಮಿನಲ್‌ನಲ್ಲೋ ಎಡಿಟರ್‌ನಲ್ಲೋ ತೆರೆದವರಿಗೆ ಕಾಣುವುದು ಪೈಪ್ ಚಿಹ್ನೆಗಳು, ಹೈಫನ್‌ಗಳು ಮತ್ತು ಅವುಗಳ ನಡುವೆ ಸಿಕ್ಕಿಕೊಂಡ ಪದಗಳು. ಹಾಗಾಗಿ 'ಕಾಲಂಗಳನ್ನು ಜೋಡಿಸು' ಎಂದು ಯಾರಾದರೂ ಹೇಳಿದರೆ ಅದಕ್ಕೆ ಎರಡು ಅರ್ಥಗಳಿವೆ. ಪುಟದಲ್ಲಿ ಸಂಖ್ಯೆಗಳು ಬಲಕ್ಕೂ ಪದಗಳು ಎಡಕ್ಕೂ ನಿಲ್ಲುವಂತೆ ಮಾಡುವುದು ಒಂದು. ಮೂಲಪಠ್ಯದಲ್ಲಿ ಪೈಪ್‌ಗಳೆಲ್ಲ ಒಂದರ ಕೆಳಗೊಂದು ನೇರವಾಗಿ ಬರುವಂತೆ ಖಾಲಿ ಜಾಗ ತುಂಬುವುದು ಇನ್ನೊಂದು. ಮೊದಲನೆಯದನ್ನು ಮಾಡುವುದು ಕೋಲನ್ ಚಿಹ್ನೆ, ಎರಡನೆಯದನ್ನು ಮಾಡುವುದು ಸ್ಪೇಸ್ ಕೀಲಿ. ಒಂದಕ್ಕೂ ಇನ್ನೊಂದಕ್ಕೂ ಯಾವ ಸಂಬಂಧವೂ ಇಲ್ಲ. ಹೊಸಬರು ಸ್ಪೇಸ್ ಒತ್ತಿ ಒತ್ತಿ ಸಂಖ್ಯೆಯನ್ನು ಬಲಕ್ಕೆ ತಳ್ಳಿ, ಪುಟದಲ್ಲಿ ಅದು ಮತ್ತೆ ಎಡಕ್ಕೇ ಬಂದು ನಿಂತಿರುವುದನ್ನು ಕಂಡು ಬೇಸರಪಡುವುದು ಈ ವ್ಯತ್ಯಾಸ ತಿಳಿಯದಿದ್ದಾಗ.

ರೀಡ್‌ಮಿ ಬರೆಯಲು ಬಳಸುವ ಮಾರ್ಕ್‌ಡೌನ್ ಎಂಬ ಸರಳ ಬರಹಪದ್ಧತಿಯಲ್ಲಿ ಕೋಷ್ಟಕ ಹುಟ್ಟಿನಿಂದಲೇ ಇದ್ದದ್ದಲ್ಲ. ಜಾನ್ ಗ್ರೂಬರ್ 2004ರಲ್ಲಿ ಅದನ್ನು ಹೊರತಂದಾಗ, ಕೋಷ್ಟಕ ಬೇಕಿದ್ದವರು ಎಚ್‌ಟಿಎಂಎಲ್ ಟ್ಯಾಗ್‌ಗಳನ್ನೇ ಬರೆಯಬೇಕಿತ್ತು. ಪೈಪ್ ಚಿಹ್ನೆಯ ಕೋಷ್ಟಕ ಮಿಶೆಲ್ ಫೋರ್ಟಿನ್ ಅವರ ಪಿಎಚ್‌ಪಿ ಮಾರ್ಕ್‌ಡೌನ್ ಎಕ್ಸ್‌ಟ್ರಾದಂಥ ವಿಸ್ತರಣೆಗಳ ಮೂಲಕ ಬಳಕೆಗೆ ಬಂತು. ಎಲ್ಲರಿಗೂ ಒಂದೇ ವ್ಯಾಕರಣ ಇರಲಿ ಎಂದು ರೂಪಿಸಿದ ಕಾಮನ್‌ಮಾರ್ಕ್‌ನಲ್ಲಿ ಕೂಡ ಕೋಷ್ಟಕಕ್ಕೆ ಜಾಗವಿಲ್ಲ. ಗಿಟ್‌ಹಬ್ ಅದರ ಮೇಲೆ ತನ್ನ ಸೇರ್ಪಡೆಗಳನ್ನು ಮಾಡಿ 2017ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ ಕೋಷ್ಟಕವೂ ಒಂದು. ಈಗ ರೀಡ್‌ಮಿ ಬರೆಯುವವರು ಸಾಮಾನ್ಯವಾಗಿ ಅನುಸರಿಸುವುದು ಅದನ್ನೇ, ಇಲ್ಲಿ ಹೇಳುವುದೂ ಅದನ್ನೇ. ಇದು ಸೇರ್ಪಡೆ ಎಂಬುದನ್ನು ನೆನಪಿಡುವುದು ಒಳ್ಳೆಯದು. ಎಲ್ಲೋ ಹಳೆಯ ಸಾಧನವೊಂದರಲ್ಲಿ ನಿಮ್ಮ ಕೋಷ್ಟಕ ಬರೀ ಪೈಪ್‌ಗಳಾಗಿ ಕಂಡರೆ, ತಪ್ಪು ನಿಮ್ಮದಲ್ಲದೆ ಇರಬಹುದು.

ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಸರ್ವರ್‌ನಿಂದ ದಾಖಲೆಗಳನ್ನು ತಂದು ಒಂದು ಕಡತಕ್ಕೆ ಬರೆಯುವ ಪುಟ್ಟ ಕಮಾಂಡ್‌ಲೈನ್ ಪ್ರೋಗ್ರಾಂ ಇದೆ. ಅದಕ್ಕೆ ಮೂರು ಆಯ್ಕೆಗಳು: ಎಷ್ಟು ಸಾಲು ಓದಬೇಕು, ಎಷ್ಟು ಸೆಕೆಂಡು ಕಾಯಬೇಕು, ವಿಫಲವಾದರೆ ಎಷ್ಟು ಸಲ ಮತ್ತೆ ಪ್ರಯತ್ನಿಸಬೇಕು. ಬಳಸುವವರು ರೀಡ್‌ಮಿ ತೆರೆಯುವುದೇ ಇವುಗಳ ಹೆಸರು ಮತ್ತು ಡೀಫಾಲ್ಟ್ ಬೆಲೆಗಳನ್ನು ನೋಡಲು. ಕಡಿಮೆ ಶ್ರಮದಲ್ಲಿ ಬರೆದರೆ ಕೋಷ್ಟಕ ಹೀಗಿರುತ್ತದೆ:

```
Option|Default|Description
---|---:|---
`--limit`|500|Maximum rows to read
`--wait`|30|Seconds before giving up
`--retry`|3|Attempts after a failure
```

ಇಷ್ಟಕ್ಕೇ ಪುಟದಲ್ಲಿ ಸರಿಯಾದ ಕೋಷ್ಟಕ ಮೂಡುತ್ತದೆ. ಮೊದಲ ಸಾಲು ಶೀರ್ಷಿಕೆ. ಮೂರನೆಯದರಿಂದ ಮುಂದಕ್ಕೆ ಇರುವುದು ಮಾಹಿತಿ. ನಡುವಿನ ಎರಡನೆಯ ಸಾಲು ಪುಟದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ, ಆದರೆ ಕೋಷ್ಟಕ ಇರುವುದು ಅದರಿಂದಲೇ. ಪೈಪ್ ಇರುವ ಸಾಲುಗಳು ಬೇಕಾದಷ್ಟು ಇರಬಹುದು. ಅವುಗಳಲ್ಲಿ ಒಂದು ಶೀರ್ಷಿಕೆ ಎಂದು ಗೊತ್ತಾಗುವುದು ಅದರ ಕೆಳಗೆ ಹೈಫನ್‌ಗಳ ಈ ಸಾಲು ಬಂದಾಗ ಮಾತ್ರ. ಇದನ್ನು ಇನ್ನು ಮುಂದೆ ಗೆರೆಸಾಲು ಎಂದು ಕರೆಯುತ್ತೇನೆ.

ಗೆರೆಸಾಲು ಎರಡು ಕೆಲಸ ಮಾಡುತ್ತದೆ. ಕೋಷ್ಟಕದಲ್ಲಿ ಎಷ್ಟು ಕಾಲಂಗಳಿವೆ ಎಂದು ಸಾರುವುದು ಮೊದಲನೆಯದು. ಶೀರ್ಷಿಕೆಯಲ್ಲಿ ಮೂರು ಸೆಲ್‌ಗಳಿದ್ದರೆ ಗೆರೆಸಾಲಿನಲ್ಲೂ ಮೂರೇ ಇರಬೇಕು. ಒಂದು ಹೆಚ್ಚಾದರೂ ಕಡಿಮೆಯಾದರೂ ಇಡೀ ಕೋಷ್ಟಕ ಕೈಬಿಟ್ಟು ಹೋಗಿ, ಎಲ್ಲ ಸಾಲುಗಳೂ ಒಂದೇ ಪ್ಯಾರಾ ಆಗಿ ಪೈಪ್ ಸಮೇತ ಕಲಸಿಕೊಂಡು ಕಾಣುತ್ತವೆ. ಈ ವಿಷಯದಲ್ಲಿ ನಿಯಮ ಬಹಳ ಬಿಗಿ. ಮಾಹಿತಿಯ ಸಾಲುಗಳ ವಿಷಯದಲ್ಲಿ ಅದೇ ನಿಯಮ ಬಹಳ ಸಡಿಲ. ಅಲ್ಲಿ ಸೆಲ್ ಕಡಿಮೆಯಿದ್ದರೆ ಖಾಲಿ ಸೆಲ್‌ಗಳನ್ನು ತಾನೇ ಸೇರಿಸಿಕೊಳ್ಳುತ್ತದೆ, ಹೆಚ್ಚಿದ್ದರೆ ಹೆಚ್ಚಿನದನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಬಿಗಿಯಾದ ನಿಯಮ ಮುರಿದಾಗ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಸಡಿಲ ನಿಯಮದ ತಪ್ಪೇ ಅಪಾಯಕಾರಿ, ಏಕೆಂದರೆ ಪುಟ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಅದಕ್ಕೆ ಮತ್ತೆ ಬರುತ್ತೇನೆ.

ಗೆರೆಸಾಲಿನ ಎರಡನೆಯ ಕೆಲಸ ಪುಟದಲ್ಲಿನ ಜೋಡಣೆ. ಹೈಫನ್‌ಗಳ ಎಡತುದಿಯಲ್ಲಿ ಕೋಲನ್ ಇಟ್ಟರೆ ಆ ಕಾಲಂ ಎಡಕ್ಕೆ ಜೋಡಿಸಿಕೊಳ್ಳುತ್ತದೆ, ಬಲತುದಿಯಲ್ಲಿಟ್ಟರೆ ಬಲಕ್ಕೆ, ಎರಡೂ ತುದಿಯಲ್ಲಿಟ್ಟರೆ ನಡುವಿಗೆ. ಬರೆಯುವುದು `:---`, `---:`, `:---:` ಎಂದು. ಜೋಡಣೆ ಇಡೀ ಕಾಲಂಗೆ, ಶೀರ್ಷಿಕೆಯೂ ಸೇರಿ, ಅನ್ವಯಿಸುತ್ತದೆ. ಒಂದೇ ಒಂದು ಸೆಲ್ಲನ್ನು ಬೇರೆ ಕಡೆಗೆ ತಿರುಗಿಸಲು ದಾರಿಯಿಲ್ಲ. ಮೇಲಿನ ಕೋಷ್ಟಕದ ನಡುವಿನ ಕಾಲಂ ಎಚ್‌ಟಿಎಂಎಲ್ ಆಗಿ ಹೊರಬರುವಾಗ ಹೀಗಿರುತ್ತದೆ:

```html
<th align="right">Default</th>
<td align="right">500</td>
```

ನಿಮ್ಮ ಕೋಲನ್‌ನಿಂದ ಆಗುವ ಕೆಲಸ ಇಷ್ಟೇ. ಸೆಲ್‌ನ ಒಳಗೆ ಪಠ್ಯದ ಎರಡೂ ಬದಿಯಲ್ಲಿ ನೀವು ಎಷ್ಟೇ ಸ್ಪೇಸ್ ಹಾಕಿದರೂ ಅವೆಲ್ಲ ಕತ್ತರಿಸಿ ಹೋಗುತ್ತವೆ.

ಕೋಲನ್ ಇಲ್ಲದ ಬರೀ `---` ಬರೆದರೆ ಜೋಡಣೆಯ ಸೂಚನೆಯೇ ಇರುವುದಿಲ್ಲ. ಆಗ ತೀರ್ಮಾನ ಬ್ರೌಸರ್‌ನದು. ಬ್ರೌಸರ್‌ಗಳ ಸಹಜ ರೂಢಿ ಶೀರ್ಷಿಕೆಯ ಸೆಲ್ಲನ್ನು ನಡುವಿಗೂ ಮಾಹಿತಿಯ ಸೆಲ್ಲನ್ನು ಎಡಕ್ಕೂ ಇಡುವುದು. ಉದ್ದನೆಯ ವಿವರಣೆಯ ಕಾಲಂನಲ್ಲಿ ಇದು ಎದ್ದು ಕಾಣುತ್ತದೆ: ಮಾಹಿತಿ ಎಡ ಅಂಚಿನಿಂದ ಹೊರಟರೆ 'Description' ಎಂಬ ತಲೆಬರಹ ಎಲ್ಲೋ ಮಧ್ಯದಲ್ಲಿ ತೇಲುತ್ತಿರುತ್ತದೆ. ಎಡಕ್ಕೆ ಬೇಕಾದ ಕಾಲಂಗೂ `:---` ಎಂದು ಬಾಯಿಬಿಟ್ಟು ಹೇಳುವುದು ನನ್ನ ಅಭ್ಯಾಸ. ಒಂದು ಕೋಲನ್‌ನ ಖರ್ಚಿನಲ್ಲಿ ಶೀರ್ಷಿಕೆ ತನ್ನ ಕಾಲಂನ ಮೇಲೆ ಬಂದು ಕೂರುತ್ತದೆ.

ಯಾವುದನ್ನು ಎತ್ತ ಜೋಡಿಸಬೇಕು ಎಂಬುದಕ್ಕೆ ದೊಡ್ಡ ಶಾಸ್ತ್ರವೇನಿಲ್ಲ. ಓದುವ ಪಠ್ಯ ಎಡಕ್ಕೆ, ಹೋಲಿಸಿ ನೋಡುವ ಸಂಖ್ಯೆ ಬಲಕ್ಕೆ. 500, 30, 3 ಎಂಬ ಬೆಲೆಗಳು ಬಲಕ್ಕೆ ಸರಿದಾಗ ಬಿಡಿ, ಹತ್ತು, ನೂರರ ಸ್ಥಾನಗಳು ಒಂದರ ಕೆಳಗೊಂದು ಬಂದು, ಯಾವುದು ದೊಡ್ಡದು ಎಂಬುದು ಓದುವ ಮೊದಲೇ ತಿಳಿಯುತ್ತದೆ. ದಶಮಾಂಶ ಬಿಂದುವಿಗೆ ಜೋಡಿಸುವ ಸೌಲಭ್ಯ ಇಲ್ಲ. ಹಾಗಾಗಿ 2.5ರ ಕೆಳಗೆ 12.75 ಬರುವುದಿದ್ದರೆ ಮೊದಲನೆಯದನ್ನು 2.50 ಎಂದು ಬರೆದುಬಿಡಿ, ಸಮಸ್ಯೆ ಅಲ್ಲಿಗೆ ಮುಗಿಯುತ್ತದೆ. ನಡುವಿನ ಜೋಡಣೆಯನ್ನು ಹೌದು–ಇಲ್ಲ ಎಂಬಂಥ ಒಂದೇ ಅಳತೆಯ ಚಿಕ್ಕ ಗುರುತುಗಳಿಗೆ ಮೀಸಲಿಡುವುದು ಲೇಸು. ಉದ್ದ ಬೇರೆ ಬೇರೆಯಾದ ಪದಗಳನ್ನು ನಡುವಿಗೆ ಇಟ್ಟರೆ ಎರಡೂ ಅಂಚು ಹರಿದಂತಾಗಿ, ಕಣ್ಣಿಗೆ ಹಿಡಿದುಕೊಳ್ಳಲು ಯಾವ ಗೆರೆಯೂ ಸಿಗುವುದಿಲ್ಲ.

ಹೈಫನ್‌ಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು. ನಿಯಮದ ಪ್ರಕಾರ ಒಂದು ಸಾಕು, ಆದರೆ ಗಿಟ್‌ಹಬ್‌ನ ಮಾರ್ಗದರ್ಶಿ ಮೂರು ಬರೆಯಲು ಹೇಳುತ್ತದೆ, ಬೇರೆ ಸಾಧನಗಳೂ ಮೂರನ್ನು ಒಪ್ಪುತ್ತವೆ. ಮೂವತ್ತು ಹೈಫನ್ ಬರೆದ ಮಾತ್ರಕ್ಕೆ ಗಿಟ್‌ಹಬ್‌ನ ಪುಟದಲ್ಲಿ ಕಾಲಂ ಅಗಲವಾಗುವುದಿಲ್ಲ. ಅಗಲ ನಿರ್ಧಾರವಾಗುವುದು ಒಳಗಿನ ಪಠ್ಯದಿಂದ. ಪ್ಯಾಂಡಾಕ್ ಬಳಸಿ ಇದೇ ಕಡತವನ್ನು ಪಿಡಿಎಫ್ ಮಾಡುವವರಿಗೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಕೋಷ್ಟಕದ ಯಾವುದಾದರೂ ಸಾಲು ನಿಗದಿತ ಅಗಲವನ್ನು ಮೀರಿದರೆ, ಹೈಫನ್‌ಗಳ ಪ್ರಮಾಣಕ್ಕೆ ತಕ್ಕಂತೆ ಕಾಲಂಗಳ ಅಗಲ ಹಂಚಿಕೆಯಾಗುತ್ತದೆ.

ಈಗ ಮೂಲಪಠ್ಯದ ಅಂದಕ್ಕೆ ಬರೋಣ. ಮೇಲಿನ ಕೋಷ್ಟಕವನ್ನೇ ಅಚ್ಚುಕಟ್ಟಾಗಿ ಬರೆದರೆ:

```
| Option    | Default | Description              |
| :-------- | ------: | :----------------------- |
| `--limit` |     500 | Maximum rows to read     |
| `--wait`  |      30 | Seconds before giving up |
| `--retry` |       3 | Attempts after a failure |
```

ಪುಟದಲ್ಲಿ ಬದಲಾದದ್ದು ಎಡಕ್ಕೆ ಸರಿದ ಶೀರ್ಷಿಕೆಗಳು ಮಾತ್ರ, ಅದೂ ಕೋಲನ್‌ನಿಂದ. ಉಳಿದದ್ದೆಲ್ಲ ಎಡಿಟರ್‌ನಲ್ಲಿ ಓದುವವರಿಗಾಗಿ. ಎರಡು ತುದಿಗಳ ಪೈಪ್‌ಗಳು ಕಡ್ಡಾಯವಲ್ಲ, ಮೊದಲ ಕೋಷ್ಟಕದಲ್ಲಿ ಅವು ಇರಲೂ ಇಲ್ಲ. ಆದರೂ ಹಾಕುವುದೇ ಒಳ್ಳೆಯದು. ಮೊದಲ ಸೆಲ್ ಖಾಲಿ ಇರುವ ಸಾಲು ಬಂದಾಗ, ತುದಿಯ ಪೈಪ್ ಇಲ್ಲದಿದ್ದರೆ ಎಲ್ಲಿಂದ ಎಣಿಸಬೇಕೆಂಬ ಗೊಂದಲ ಶುರುವಾಗುತ್ತದೆ. ಸಂಖ್ಯೆಗಳನ್ನು ಮೂಲಪಠ್ಯದಲ್ಲೂ ಬಲಕ್ಕೆ ಸರಿಸಿರುವುದು ಗೆರೆಸಾಲಿನ ಮಾತಿಗೆ ಹೊಂದಿಕೆಯಾಗಲಿ ಎಂದಷ್ಟೇ; ಅದರ ಅಗತ್ಯ ಯಂತ್ರಕ್ಕಿಲ್ಲ.

ಅಳತೆ ಹಿಡಿಯುವ ಬಗೆ ಸರಳ. ಪ್ರತಿ ಕಾಲಂನಲ್ಲಿ ಎಲ್ಲಕ್ಕಿಂತ ಉದ್ದನೆಯ ಸೆಲ್ ಯಾವುದು ಎಂದು ನೋಡಬೇಕು. ಮೊದಲ ಕಾಲಂನಲ್ಲಿ ಅದು ಬ್ಯಾಕ್‌ಟಿಕ್ ಸಮೇತ ಒಂಬತ್ತು ಅಕ್ಷರದ `--limit`. ಉಳಿದ ಸೆಲ್‌ಗಳಿಗೆ ಒಂಬತ್ತಾಗುವಷ್ಟು ಸ್ಪೇಸ್ ತುಂಬಬೇಕು, ಗೆರೆಸಾಲಿನಲ್ಲಿ ಕೋಲನ್ ಮತ್ತು ಹೈಫನ್ ಸೇರಿ ಒಂಬತ್ತಾಗಬೇಕು. ಪೈಪ್‌ನ ಎರಡೂ ಬದಿಗೆ ಒಂದೊಂದು ಸ್ಪೇಸ್. ಟ್ಯಾಬ್ ಕೀಲಿಯನ್ನು ಇದಕ್ಕೆ ಬಳಸಬಾರದು, ಏಕೆಂದರೆ ನಿಮ್ಮ ಎಡಿಟರ್‌ನಲ್ಲಿ ನಾಲ್ಕು ಅಕ್ಷರದಷ್ಟು ಅಗಲವಿರುವ ಟ್ಯಾಬ್ ಇನ್ನೊಬ್ಬರಲ್ಲಿ ಎಂಟು ಇರುತ್ತದೆ.

ಕೈಯಿಂದ ಇದನ್ನು ಮಾಡುವುದು ಒಂದು ಸಲಕ್ಕೆ ಚೆನ್ನ. ಪ್ರತಿಸಲವೂ ಮಾಡಬೇಕಾದರೆ ರೇಜಿಗೆ. ನೋಡ್.ಜೆಎಸ್ ಅಳವಡಿಸಿರುವ ಗಣಕದಲ್ಲಿ ಪ್ರಿಟಿಯರ್ ಎಂಬ ಸಾಧನ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ:

```
npx prettier --write README.md
```

ಅದು ಕೋಷ್ಟಕವನ್ನಷ್ಟೇ ಮುಟ್ಟುವುದಿಲ್ಲ ಎಂಬುದು ಗಮನದಲ್ಲಿರಲಿ. ಪಟ್ಟಿಗಳ ಮುಂದಿನ ನಕ್ಷತ್ರ ಚಿಹ್ನೆಯನ್ನು ಹೈಫನ್‌ಗೆ ಬದಲಿಸುವುದು ಮುಂತಾದ ತನ್ನದೇ ರೂಢಿಗಳನ್ನು ಇಡೀ ಕಡತಕ್ಕೆ ಹಚ್ಚುತ್ತದೆ. ಬೇರೆಯವರ ಯೋಜನೆಯಲ್ಲಿ ಒಂದು ಸಾಲು ತಿದ್ದಲು ಹೋಗಿ ಇದನ್ನು ಓಡಿಸಿದರೆ, ನೂರು ಸಾಲು ಬದಲಾದ ತಿದ್ದುಪಡಿ ಅವರ ಮುಂದೆ ಹೋಗಿ ನಿಲ್ಲುತ್ತದೆ. ಯಾರೂ ಖುಷಿಪಡುವುದಿಲ್ಲ.

ಅಚ್ಚುಕಟ್ಟಾದ ಕೋಷ್ಟಕಕ್ಕೆ ತೆರಬೇಕಾದ ಬೆಲೆಯೂ ಇದೇ ಜಾತಿಯದು. ನಮ್ಮ ಪ್ರೋಗ್ರಾಂಗೆ `--format` ಎಂಬ ನಾಲ್ಕನೆಯ ಆಯ್ಕೆ ಸೇರಿತು ಎಂದುಕೊಳ್ಳಿ. ಅದರ ಹೆಸರು `--limit`ಗಿಂತ ಒಂದೇ ಅಕ್ಷರ ಉದ್ದ. ಆ ಒಂದು ಅಕ್ಷರಕ್ಕಾಗಿ ಮೊದಲ ಕಾಲಂ ಒಂಬತ್ತರಿಂದ ಹತ್ತಕ್ಕೆ ಹಿಗ್ಗಬೇಕು, ಅಂದರೆ ಕೋಷ್ಟಕದ ಪ್ರತಿ ಸಾಲಿಗೂ ಒಂದು ಸ್ಪೇಸ್, ಗೆರೆಸಾಲಿಗೆ ಮಾತ್ರ ಒಂದು ಹೈಫನ್ ಸೇರಬೇಕು. ಗಿಟ್ ಇದನ್ನು ಹೀಗೆ ತೋರಿಸುತ್ತದೆ:

```diff
-| `--wait`  |      30 | Seconds before giving up |
+| `--wait`   |      30 | Seconds before giving up |
```

ಕಾಯುವ ಅವಧಿ ಬದಲಾಗಿಲ್ಲ, ವಿವರಣೆ ಬದಲಾಗಿಲ್ಲ, ಆದರೂ ಪರಿಶೀಲಿಸುವವರು ಈ ಸಾಲನ್ನು ಓದಲೇಬೇಕು. ನಿಜವಾಗಿ ಸೇರಿದ ಒಂದು ಸಾಲು ಇಂಥ ಐದು ಸಾಲುಗಳ ನಡುವೆ ಮುಳುಗಿಹೋಗುತ್ತದೆ. ಇದಕ್ಕೆ `git diff -w` ಎಂದು ಕೊಟ್ಟರೆ ಸ್ಪೇಸ್‌ನ ಬದಲಾವಣೆಗಳು ಮರೆಯಾಗುತ್ತವೆ. ಆಗ ಉಳಿಯುವುದು ಹೊಸ ಸಾಲು ಮತ್ತು ಗೆರೆಸಾಲು ಮಾತ್ರ. ಗೆರೆಸಾಲು ಉಳಿಯುವುದೇಕೆಂದರೆ ಅಲ್ಲಿ ಸೇರಿದ್ದು ಸ್ಪೇಸ್ ಅಲ್ಲ, ಒಂದು ಹೈಫನ್. ಗಿಟ್‌ಹಬ್‌ನ ತಿದ್ದುಪಡಿ ಪುಟದಲ್ಲೂ ಸ್ಪೇಸ್ ಬದಲಾವಣೆಗಳನ್ನು ಅಡಗಿಸುವ ಆಯ್ಕೆ ಇದೆ. ಹಲವರು ಕೈಹಾಕುವ, ವಾರಕ್ಕೊಮ್ಮೆ ಬೆಳೆಯುವ ಕೋಷ್ಟಕವಾದರೆ ಜೋಡಣೆಯ ಹಟವನ್ನೇ ಬಿಟ್ಟು, ಪೈಪ್‌ನ ಎರಡೂ ಬದಿಗೆ ಒಂದೊಂದೇ ಸ್ಪೇಸ್ ಇಟ್ಟು ಬರೆಯುವುದು ಮೇಲು. ನಮ್ಮ ಆಯ್ಕೆಗಳ ಕೋಷ್ಟಕದಂತೆ ಅಪರೂಪಕ್ಕೆ ಬದಲಾಗುವಂಥದ್ದಾದರೆ ಜೋಡಿಸಿಯೇ ಇಡಿ.

ಇದೇ `--format` ಸಾಲು ಇನ್ನೊಂದು ಬಲೆಯನ್ನೂ ಹೊತ್ತು ತರುತ್ತದೆ. ಈ ಆಯ್ಕೆಗೆ ಎರಡೇ ಬೆಲೆಗಳು ಸಾಧ್ಯ, `csv` ಇಲ್ಲವೇ `json`. ಕಮಾಂಡ್‌ಗಳ ಸಹಾಯಪಠ್ಯದಲ್ಲಿ ಇಂಥದ್ದನ್ನು ಪೈಪ್ ಹಾಕಿ ಬರೆಯುವುದು ರೂಢಿ. ಅದನ್ನೇ ಇಲ್ಲಿಗೆ ನಕಲು ಮಾಡಿದರೆ:

```
| `--format` | csv | `csv|json` output |
```

ಬ್ಯಾಕ್‌ಟಿಕ್‌ಗಳ ನಡುವೆ ಇರುವುದರಿಂದ ಆ ಪೈಪ್ ಸುರಕ್ಷಿತ ಎಂದು ಯಾರಿಗಾದರೂ ಅನಿಸುತ್ತದೆ. ಹಾಗಿಲ್ಲ. ಸಾಲನ್ನು ಸೆಲ್‌ಗಳಾಗಿ ಒಡೆಯುವ ಕೆಲಸ ಮೊದಲು ನಡೆಯುತ್ತದೆ, ಬ್ಯಾಕ್‌ಟಿಕ್ ನೋಡುವ ಕೆಲಸ ಆಮೇಲೆ. ಹೀಗಾಗಿ ಈ ಸಾಲು ನಾಲ್ಕು ತುಂಡಾಗುತ್ತದೆ. ಕಾಲಂ ಇರುವುದು ಮೂರೇ ಆದ್ದರಿಂದ ನಾಲ್ಕನೆಯ ತುಂಡು ಮಾಯ. ಪುಟದಲ್ಲಿ ವಿವರಣೆಯ ಸೆಲ್‌ನಲ್ಲಿ ಉಳಿಯುವುದು ಒಂಟಿ ಬ್ಯಾಕ್‌ಟಿಕ್ ಮತ್ತು csv ಎಂಬ ಮೂರಕ್ಷರ. json ಎಂಬ ಬೆಲೆ ಇದೆ ಎಂಬ ಸಂಗತಿಯೇ ಓದುಗರಿಗೆ ತಲುಪುವುದಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಕೋಷ್ಟಕ ಮುರಿಯುವುದಿಲ್ಲ. ಸಡಿಲ ನಿಯಮ ಅಪಾಯಕಾರಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಅಲ್ಲಿ ಒಂಟಿಯಾಗಿ ನಿಂತ ಬ್ಯಾಕ್‌ಟಿಕ್ ಒಂದೇ ಸುಳಿವು.

ಪೈಪ್‌ನ ಮುಂದೆ ಹಿಂಬಾಗಿದ ಗೆರೆ ಹಾಕಿದರೆ ಪರಿಹಾರ ಸಿಗುತ್ತದೆ:

```
| `--format` | csv | `csv\|json` output |
```

ಗಿಟ್‌ಹಬ್‌ನಲ್ಲಿ ಆ ಹಿಂಬಾಗಿದ ಗೆರೆ ಪುಟಕ್ಕೆ ಬರುವುದಿಲ್ಲ, ಬ್ಯಾಕ್‌ಟಿಕ್‌ನ ಒಳಗಿದ್ದರೂ ಸಹ. ಕೋಷ್ಟಕದ ಹೊರಗೆ ಬ್ಯಾಕ್‌ಟಿಕ್‌ನೊಳಗಿನ ಹಿಂಬಾಗಿದ ಗೆರೆ ಇದ್ದ ಹಾಗೆಯೇ ಕಾಣುತ್ತದೆ, ಹಾಗಾಗಿ ಇದು ಕೋಷ್ಟಕಕ್ಕೆಂದೇ ಮಾಡಿದ ವಿನಾಯಿತಿ. ಎಲ್ಲ ಸಾಧನಗಳೂ ಈ ವಿನಾಯಿತಿಯನ್ನು ಪಾಲಿಸುತ್ತವೆ ಎಂದು ನಂಬಿಕೊಳ್ಳುವ ಬದಲು ವಾಕ್ಯವನ್ನೇ ಬದಲಿಸುವುದು ನನಗೆ ಇಷ್ಟ. 'Output as csv or json' ಎಂದು ಬರೆದರೆ ಪೈಪ್‌ನ ಪ್ರಶ್ನೆಯೇ ಏಳುವುದಿಲ್ಲ, ಓದಲೂ ಸಲೀಸು. ಶೆಲ್ ಕಮಾಂಡ್‌ಗಳನ್ನೇ ಪಟ್ಟಿ ಮಾಡುವ ಕೋಷ್ಟಕದಲ್ಲಿ ಮಾತ್ರ ಪೈಪ್ ತಪ್ಪಿಸಲಾಗದು. ಅಲ್ಲಿ ಹಿಂಬಾಗಿದ ಗೆರೆಯೇ ಗತಿ.

ಅಂದಹಾಗೆ, ಡೀಫಾಲ್ಟ್ ಕಾಲಂನಲ್ಲಿ ಸಂಖ್ಯೆಗಳ ಕೆಳಗೆ csv ಎಂಬ ಪದ ಬಂದಿತು. ಅದೂ ಬಲಕ್ಕೆ ಅಂಟಿಕೊಳ್ಳುತ್ತದೆ. ಕಾಲಂನಲ್ಲಿ ಸಂಖ್ಯೆಗಳೇ ಹೆಚ್ಚಿರುವ ತನಕ ಅದು ಹಾಗೆಯೇ ಇರಲಿ. ಪದಗಳು ಹೆಚ್ಚಾದ ದಿನ ಗೆರೆಸಾಲಿನ ಕೋಲನ್ನನ್ನು ಬಲದಿಂದ ಎಡಕ್ಕೆ ಒಯ್ದರಾಯಿತು, ಉಳಿದ ಯಾವ ಸಾಲನ್ನೂ ಮುಟ್ಟಬೇಕಿಲ್ಲ.

ಕೋಷ್ಟಕ ಕೆಟ್ಟಾಗ ಎಲ್ಲಿ ಹುಡುಕಬೇಕು ಎಂಬುದನ್ನು ಕೆಟ್ಟಿರುವ ರೂಪವೇ ಹೇಳುತ್ತದೆ. ಇಡೀ ಕೋಷ್ಟಕ ಪೈಪ್ ಸಮೇತ ಪ್ಯಾರಾ ಆಗಿ ಕಂಡರೆ ಮಾಹಿತಿಯ ಸಾಲುಗಳನ್ನು ನೋಡುವುದು ವ್ಯರ್ಥ. ತಪ್ಪಿರುವುದು ಮೊದಲ ಎರಡು ಸಾಲುಗಳಲ್ಲಿ ಅಥವಾ ಅವುಗಳ ಮೇಲೆ. ಮೊದಲು ಎರಡೂ ಸಾಲುಗಳ ಸೆಲ್‌ಗಳನ್ನು ಎಣಿಸಿ. ಸಮ ಇದ್ದರೆ, ಕೋಷ್ಟಕದ ಮೇಲೆ ಒಂದು ಖಾಲಿ ಸಾಲಿದೆಯೇ ನೋಡಿ. ಅದೂ ಇದ್ದರೆ ಹೈಫನ್‌ಗಳನ್ನು ದಿಟ್ಟಿಸಿ ನೋಡಿ. ವರ್ಡ್‌ನಂಥ ತಂತ್ರಾಂಶದಲ್ಲಿ ಬರೆದು ನಕಲು ಮಾಡಿದ ಪಠ್ಯದಲ್ಲಿ, ಎರಡು ಹೈಫನ್‌ಗಳು ತಾವಾಗಿಯೇ ಒಂದು ಉದ್ದನೆಯ ಡ್ಯಾಶ್ ಆಗಿ ಬದಲಾಗಿರುತ್ತವೆ. ಕಣ್ಣಿಗೆ ಗೆರೆಯಂತೆಯೇ ಕಂಡರೂ ಅದು ಬೇರೆಯೇ ಅಕ್ಷರ, ಗೆರೆಸಾಲಿನಲ್ಲಿ ಅದಕ್ಕೆ ಬೆಲೆಯಿಲ್ಲ. ಅನುಮಾನ ಬಂದರೆ ಗೆರೆಸಾಲನ್ನು ಅಳಿಸಿ ಎಡಿಟರ್‌ನಲ್ಲೇ ಮತ್ತೆ ಟೈಪ್ ಮಾಡುವುದು ಹುಡುಕುವುದಕ್ಕಿಂತ ಬೇಗ ಮುಗಿಯುವ ಕೆಲಸ. ಕೋಷ್ಟಕ ಬೂದು ಹಿನ್ನೆಲೆಯ ಚೌಕಟ್ಟಿನೊಳಗೆ ಕೋಡ್‌ನಂತೆ ಕಂಡರೆ, ಸಾಲುಗಳ ಮುಂದೆ ನಾಲ್ಕು ಅಥವಾ ಹೆಚ್ಚು ಸ್ಪೇಸ್ ಸೇರಿಕೊಂಡಿದೆ ಎಂದರ್ಥ.

ಕೋಷ್ಟಕದ ಮೇಲ್ಭಾಗ ಸರಿಯಿದ್ದು ಕೆಳಭಾಗ ಮಾತ್ರ ಪ್ಯಾರಾ ಆಗಿದ್ದರೆ ನಡುವೆ ಖಾಲಿ ಸಾಲು ನುಸುಳಿದೆ. ಸಾಲುಗಳನ್ನು ಗುಂಪುಗೂಡಿಸಲು ಕೆಲವರು ಬೇಕೆಂದೇ ಖಾಲಿ ಸಾಲು ಬಿಡುತ್ತಾರೆ. ಮಾರ್ಕ್‌ಡೌನ್‌ಗೆ ಅದು ಕೋಷ್ಟಕ ಮುಗಿದ ಸೂಚನೆ. ಇದರ ತದ್ವಿರುದ್ಧ ತಪ್ಪೂ ಇದೆ. ಕೋಷ್ಟಕದ ಕೊನೆಯ ಸಾಲಿಗೆ ತಾಗಿಯೇ, ಖಾಲಿ ಸಾಲು ಬಿಡದೆ, 'ಬೆಲೆಗಳೆಲ್ಲ ಸೆಕೆಂಡುಗಳಲ್ಲಿ' ಎಂದು ಟಿಪ್ಪಣಿ ಬರೆದರೆ ಅದು ಟಿಪ್ಪಣಿಯಾಗಿ ಉಳಿಯುವುದಿಲ್ಲ. ಪೈಪ್ ಇಲ್ಲದಿದ್ದರೂ ಅದನ್ನು ಇನ್ನೊಂದು ಮಾಹಿತಿ ಸಾಲೆಂದು ಎಣಿಸಿ, ಮೊದಲ ಕಾಲಂಗೆ ತುರುಕಿ, ಉಳಿದ ಎರಡು ಸೆಲ್‌ಗಳನ್ನು ಖಾಲಿ ಬಿಡುತ್ತದೆ. ಮೇಲೊಂದು, ಕೆಳಗೊಂದು ಖಾಲಿ ಸಾಲು ಬಿಡುವುದನ್ನು ಕೋಷ್ಟಕದ ಭಾಗವೆಂದೇ ತಿಳಿಯಬೇಕು. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮುನ್ನೋಟ ತೆರೆಯುತ್ತದೆ. ಗಿಟ್‌ಹಬ್‌ನ ಎಡಿಟರ್‌ನಲ್ಲೂ ಅಂಥದ್ದೊಂದು ಟ್ಯಾಬ್ ಇದೆ. ಅಲ್ಲಿ ಸಾಲುಗಳ ಸಂಖ್ಯೆಯನ್ನೂ ಕೊನೆಯ ಕಾಲಂ ಅನ್ನೂ ನೋಡಿದರೆ ಈ ತಪ್ಪುಗಳು ಸಿಕ್ಕಿಬೀಳುತ್ತವೆ.

ಶೀರ್ಷಿಕೆ ಬೇಡ ಎಂದರೆ? ಗಿಟ್‌ಹಬ್‌ನ ನಿಯಮದಲ್ಲಿ ಶೀರ್ಷಿಕೆಯಿಲ್ಲದ ಕೋಷ್ಟಕವಿಲ್ಲ. ಶೀರ್ಷಿಕೆಯ ಸೆಲ್‌ಗಳನ್ನು ಖಾಲಿ ಬಿಡಬಹುದು, ಆದರೆ ಪುಟದಲ್ಲಿ ಮೇಲೆ ಒಂದು ಖಾಲಿ ಪಟ್ಟಿ ಉಳಿದುಕೊಳ್ಳುತ್ತದೆ, ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಕಾಲಂನ ಹೆಸರೇ ಸಿಗುವುದಿಲ್ಲ. ಹೆಸರು ಕೊಡಲು ಆಗದ ಕಾಲಂ ಇದ್ದರೆ ಬಹುಶಃ ಅದು ಕೋಷ್ಟಕ ಆಗಬೇಕಾದ ವಿಷಯವಲ್ಲ, ಸಾದಾ ಪಟ್ಟಿ ಸಾಕು.

ಸೆಲ್‌ನೊಳಗೆ ಕೊಂಡಿ, ದಪ್ಪಕ್ಷರ, ಬ್ಯಾಕ್‌ಟಿಕ್‌ನ ಕೋಡ್ ಎಲ್ಲ ನಡೆಯುತ್ತವೆ. ಪಟ್ಟಿ, ಎರಡು ಪ್ಯಾರಾ, ಹಲವು ಸಾಲಿನ ಕೋಡ್ ನಡೆಯುವುದಿಲ್ಲ, ಏಕೆಂದರೆ ಒಂದು ಮಾಹಿತಿ ಸಾಲು ಮೂಲಪಠ್ಯದಲ್ಲೂ ಒಂದೇ ಸಾಲಿನಲ್ಲಿ ಮುಗಿಯಬೇಕು. ಸಾಲು ಮುರಿಯಲು `<br>` ಹಾಕಬಹುದು. ಒಂದು ಕಡೆ ಹಾಕಿದರೆ ಪರವಾಗಿಲ್ಲ. ಸೆಲ್ ಸೆಲ್‌ಗೂ ಹಾಕಬೇಕಾಗಿ ಬಂದರೆ ವಿವರಣೆ ಕೋಷ್ಟಕದ ಅಳತೆ ಮೀರಿ ಬೆಳೆದಿದೆ. ಮೊಬೈಲ್‌ನಲ್ಲಿ ಅಂಥ ಕೋಷ್ಟಕವನ್ನು ಅಡ್ಡಡ್ಡ ಎಳೆದು ಓದುವುದು ಶಿಕ್ಷೆ. ಒಂದು ವಾಕ್ಯದ ಸಾರವನ್ನು ಕೋಷ್ಟಕದಲ್ಲಿಟ್ಟು, ಉಳಿದದ್ದನ್ನು ಕೆಳಗೆ ಆ ಆಯ್ಕೆಯ ಹೆಸರಿನ ಉಪಶೀರ್ಷಿಕೆಯಡಿ ಬರೆದು, ಅಲ್ಲಿಗೆ ಕೊಂಡಿ ಕೊಟ್ಟರೆ ಇಬ್ಬಗೆಯ ಓದುಗರಿಗೂ ಅನುಕೂಲ. ಎರಡು ಕಾಲಂಗಳನ್ನು ಸೇರಿಸಿ ಒಂದೇ ಸೆಲ್ ಮಾಡುವುದು ಪೈಪ್ ಕೋಷ್ಟಕದಲ್ಲಿ ಸಾಧ್ಯವೇ ಇಲ್ಲ. ಅದು ಬೇಕೇ ಬೇಕೆಂದರೆ ಗ್ರೂಬರ್ ಕಾಲದ ದಾರಿಯೇ ಉಳಿದಿರುವುದು: ಎಚ್‌ಟಿಎಂಎಲ್‌ನ `<table>` ಬರೆದು `colspan` ಕೊಡುವುದು.

ಇಲ್ಲಿಯವರೆಗಿನ ಉದಾಹರಣೆಗಳಲ್ಲಿ ಬೇಕೆಂದೇ ಇಂಗ್ಲಿಷ್ ಪಠ್ಯ ಇಟ್ಟೆ. ಕನ್ನಡದಲ್ಲಿ ರೀಡ್‌ಮಿ ಬರೆಯುವವರಿಗೆ ಮೂಲಪಠ್ಯದ ಜೋಡಣೆ ಕೈಕೊಡುತ್ತದೆ. ಎಡಿಟರ್‌ನ ಅಕ್ಷರಗಳೆಲ್ಲ ಒಂದೇ ಅಗಲ ಎಂಬ ನಂಬಿಕೆಯ ಮೇಲೆ ಆ ಜೋಡಣೆ ನಿಂತಿದೆ. 'ಪ್ರಯತ್ನ' ಎಂಬ ಪದವನ್ನು ತೆಗೆದುಕೊಳ್ಳಿ. ನಾವು ಎಣಿಸುವುದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತುಗಳನ್ನು ಮೂಡಿಸುವ ಹಲಂತ ಚಿಹ್ನೆಗಳೂ ಸೇರಿ ಅದು ಏಳು ಸಂಕೇತ. ಪರದೆಯ ಮೇಲೆ ಅದರ ಅಗಲ ಮೂರಕ್ಕೂ ಏಳಕ್ಕೂ ಸರಿಹೊಂದದ ಇನ್ನೇನೋ, ಏಕೆಂದರೆ ಕೋಡ್ ಬರೆಯಲು ಬಳಸುವ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಇರುವುದಿಲ್ಲ, ಆಗ ಎಡಿಟರ್ ಬೇರೊಂದು ಫಾಂಟ್‌ನಿಂದ ಅಕ್ಷರ ಎರವಲು ತರುತ್ತದೆ. ಪ್ರಿಟಿಯರ್ ತನ್ನ ಲೆಕ್ಕದಂತೆ ಸ್ಪೇಸ್ ತುಂಬಿದರೂ ಪೈಪ್‌ಗಳು ಓರೆಯಾಗಿಯೇ ನಿಲ್ಲುತ್ತವೆ. ಕೈಯಿಂದ ತುಂಬಿ ನಿಮ್ಮ ಪರದೆಯಲ್ಲಿ ನೇರ ಮಾಡಿದರೂ ಪಕ್ಕದವರ ಪರದೆಯಲ್ಲಿ ಮತ್ತೆ ಓರೆ.

ಇದರೊಡನೆ ಗುದ್ದಾಡುವ ಬದಲು ಕನ್ನಡದ ಕಾಲಂ ಅನ್ನು ಕೊನೆಗೆ ಇಡಿ, ಅದಕ್ಕೆ ಸ್ಪೇಸ್ ತುಂಬಲೇಬೇಡಿ:

```
| ಆಯ್ಕೆ | ಡೀಫಾಲ್ಟ್ | ವಿವರ |
| :--------- | ------: | :--- |
| `--limit`  |     500 | ಓದಬೇಕಾದ ಗರಿಷ್ಠ ಸಾಲುಗಳು |
| `--wait`   |      30 | ಎಷ್ಟು ಸೆಕೆಂಡು ಕಾಯಬೇಕು |
| `--retry`  |       3 | ವಿಫಲವಾದರೆ ಮತ್ತೆಷ್ಟು ಪ್ರಯತ್ನ |
| `--format` |     csv | ಕಡತದ ಬಗೆ: csv ಅಥವಾ json |
```

ಆಯ್ಕೆಯ ಹೆಸರು, ಬೆಲೆ ಎರಡೂ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳಾದ್ದರಿಂದ ಮೊದಲ ಎರಡು ಕಾಲಂಗಳು ಎಲ್ಲ ಪರದೆಯಲ್ಲೂ ನೇರವಾಗಿರುತ್ತವೆ. ಕನ್ನಡ ವಿವರಣೆಯ ಬಲಗಡೆಯ ಪೈಪ್ ಎಲ್ಲಿ ಬಂದರೂ ಅದರ ಆಚೆ ಕೆಡಲು ಏನೂ ಇಲ್ಲ. ಶೀರ್ಷಿಕೆಯ ಸಾಲು ಒಂದೇ ಓರೆಯಾಗಿ ಉಳಿಯುತ್ತದೆ, ಅದನ್ನು ಹಾಗೆಯೇ ಬಿಡಬಹುದು. ಪುಟದಲ್ಲಿ ನಾಲ್ಕು ಬೆಲೆಗಳೂ 'ಡೀಫಾಲ್ಟ್' ಎಂಬ ಶೀರ್ಷಿಕೆಯ ಕೆಳಗೆ ಬಲ ಅಂಚಿಗೆ ಬಂದು ನಿಲ್ಲುತ್ತವೆ, ಏಕೆಂದರೆ ಅಲ್ಲಿ ಸ್ಪೇಸ್‌ಗಳನ್ನು ಯಾರೂ ಎಣಿಸುವುದಿಲ್ಲ.